ಕೊಬ್ಬರಿ, ಎಳ್ಳು, ಕುಸುಬಿ, ಜೊಜೊಬಾ: ಯಾವ ಚರ್ಮಕ್ಕೆ ಯಾವ ಎಣ್ಣೆ

ಬೀದರಿನ ಡಿಸೆಂಬರ್ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಗಿರುತ್ತದೆ. ಕಲಬುರಗಿ, ಯಾದಗಿರಿಯ ಮೇ ತಿಂಗಳಲ್ಲಿ ಅದೇ ಎಣ್ಣೆ ನೀರಿನಂತೆ ಹರಿಯುತ್ತದೆ, ಹಚ್ಚಿಕೊಂಡ ಅರ್ಧ ಗಂಟೆಯೊಳಗೆ ಬೆವರಿನ ಜೊತೆ ಕಣ್ಣಿಗೆ ಇಳಿಯುತ್ತದೆ. ಹೀಗಿದ್ದರೂ ಬಹಳ ಮನೆಗಳಲ್ಲಿ ತಲೆಗೆ, ಮುಖಕ್ಕೆ, ಹಿಮ್ಮಡಿಗೆ, ಕೂಸಿನ ಮೈಗೆ ವರ್ಷವಿಡೀ ಒಂದೇ ಬಾಟಲಿ. ಆ ಎಣ್ಣೆ ಹಿಮ್ಮಡಿಗೆ ಚೆನ್ನಾಗಿ ಒಗ್ಗುತ್ತದೆ. ಹದಿನೆಂಟರ ಹುಡುಗಿಯ ಹಣೆಗೆ ಬಹಳ ಸಲ ಒಗ್ಗುವುದಿಲ್ಲ. ಏಕೆ ಎಂಬುದು ತಿಳಿದರೆ ಅಂಗಡಿಯಲ್ಲಿ ಬಾಟಲಿ ಕೈಗೆತ್ತಿಕೊಂಡಾಗಲೇ ನಿರ್ಧಾರ ಮಾಡಬಹುದು.

ನೇರವಾಗಿ ಚರ್ಮಕ್ಕೆ ಹಚ್ಚಬಹುದಾದ, ಬೇರೆ ಘಾಟು ಸುಗಂಧ ತೈಲಗಳನ್ನು ತೆಳು ಮಾಡಲು ಬಳಸುವ ಎಣ್ಣೆಗೆ ಕ್ಯಾರಿಯರ್ ಆಯಿಲ್ ಎನ್ನುತ್ತಾರೆ. ಹೆಸರು ಹೊಸದು, ವಸ್ತು ಹಳೆಯದು. ನಮ್ಮ ಗಾಣದ ಎಣ್ಣೆಗಳೆಲ್ಲ ಇದೇ ಸಾಲಿಗೆ ಸೇರುತ್ತವೆ.

ಮೊದಲು ಒಂದು ತಪ್ಪು ತಿಳಿವಳಿಕೆ

ಎಣ್ಣೆ ಚರ್ಮಕ್ಕೆ ನೀರು ಕೊಡುವುದಿಲ್ಲ. ಎಣ್ಣೆಯಲ್ಲಿ ನೀರೇ ಇಲ್ಲ. ಅದು ಮಾಡುವುದು ಎರಡು ಕೆಲಸ: ಮೇಲ್ಪದರದ ಸತ್ತ ಕೋಶಗಳ ನಡುವಿನ ಸಂದು ತುಂಬಿ ನುಣುಪು ಮಾಡುತ್ತದೆ, ಒಳಗಿರುವ ನೀರು ಆವಿಯಾಗಿ ಹೋಗುವುದನ್ನು ತಡೆಯುತ್ತದೆ. ಆದ್ದರಿಂದ ಪೂರ್ತಿ ಒಣಗಿದ ಕಾಲಿಗೆ ಎಣ್ಣೆ ಹಚ್ಚಿದರೆ ಮಿಂಚು ಬರುತ್ತದೆ, ಬಿಗಿತ ಹೋಗುವುದಿಲ್ಲ. ಸ್ನಾನ ಮುಗಿದು ಮೈ ಒರೆಸಿಕೊಂಡ ಮೇಲೆ, ಚರ್ಮದಲ್ಲಿ ಇನ್ನೂ ತೇವ ಇರುವಾಗಲೇ, ಎರಡು ಮೂರು ನಿಮಿಷದೊಳಗೆ ಹಚ್ಚಬೇಕು. ಎಣ್ಣೆ ಬದಲಿಸುವ ಮೊದಲು ಹಚ್ಚುವ ಹೊತ್ತನ್ನು ಬದಲಿಸಿ ನೋಡಿ. ಕಾಲು, ಕೈ ಒಣಗುತ್ತವೆ ಎನ್ನುವ ಅನೇಕರಿಗೆ ಅಷ್ಟೇ ಸಾಕಾಗುತ್ತದೆ.

ಮೊದಲ ಹೆಜ್ಜೆ: ನಿಮ್ಮ ಚರ್ಮ ಯಾವುದು ಎಂದು ನೋಡುವುದು

ಸಂಜೆ ಮುಖವನ್ನು ಸೌಮ್ಯವಾದ ಫೇಸ್‌ವಾಶ್‌ನಿಂದ ಒಂದು ಸಲ ತೊಳೆದು, ಮೆತ್ತಗೆ ಒರೆಸಿ, ಏನನ್ನೂ ಹಚ್ಚದೆ ಒಂದು ಗಂಟೆ ಬಿಡಿ. ಈ ಒಂದು ಗಂಟೆ ಕೂಲರಿನ ಮುಂದೆ ಕೂರಬೇಡಿ, ಅಡುಗೆ ಮನೆಯಲ್ಲೂ ನಿಲ್ಲಬೇಡಿ. ಎರಡೂ ಫಲಿತಾಂಶವನ್ನು ಕೆಡಿಸುತ್ತವೆ. ಆಮೇಲೆ ತೆಳ್ಳನೆಯ ಟಿಶ್ಯೂ ಕಾಗದವನ್ನು ಹಣೆ, ಮೂಗು, ಗಲ್ಲ, ಕೆನ್ನೆಗೆ ಬೇರೆ ಬೇರೆಯಾಗಿ ಒತ್ತಿ ಬೆಳಕಿಗೆ ಹಿಡಿಯಿರಿ. ಎಲ್ಲ ಕಡೆ ಪಾರದರ್ಶಕ ಕಲೆ ಬಿದ್ದರೆ ಎಣ್ಣೆ ಚರ್ಮ. ಹಣೆ ಮೂಗಿನಲ್ಲಿ ಮಾತ್ರ ಬಿದ್ದರೆ ಮಿಶ್ರ ಚರ್ಮ. ಎಲ್ಲೂ ಕಲೆ ಇಲ್ಲದೆ, ನಗುವಾಗ ಕೆನ್ನೆ ಎಳೆದಂತಾದರೆ ಒಣ ಚರ್ಮ. ಉರಿ, ಕೆಂಪು, ತುರಿಕೆ ಇದ್ದರೆ ಅದು ಸೂಕ್ಷ್ಮ ಚರ್ಮ. ಎಣ್ಣೆ ಚರ್ಮ ಇದ್ದವರಿಗೂ ಈ ಸೂಕ್ಷ್ಮತೆ ಇರಬಹುದು.

ಈ ಪರೀಕ್ಷೆಯನ್ನು ಮೇ ತಿಂಗಳಲ್ಲೊಮ್ಮೆ, ಜನವರಿಯಲ್ಲೊಮ್ಮೆ ಮಾಡಬೇಕು. ನಮ್ಮ ಕಡೆಯ ಹವೆಯಲ್ಲಿ ಒಬ್ಬರದೇ ಮುಖ ಎರಡು ಋತುವಿನಲ್ಲಿ ಎರಡು ಬಗೆಯಾಗಿ ಕಾಣುವುದು ಸಾಮಾನ್ಯ.

ಇನ್ನೊಂದನ್ನು ಇಲ್ಲೇ ಹೇಳಬೇಕು. ಬೋರ್‌ವೆಲ್ ನೀರು ಗಡಸಾಗಿರುವ ಮನೆಗಳಲ್ಲಿ ಸೋಪಿನ ಬಾರ್ ಬಳಸಿದರೆ, ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಕರಗದ ಬಿಳಿ ಪೊರೆಯಾಗುತ್ತದೆ. ಬಕೆಟ್ಟಿನ ಅಂಚಿಗೆ ಅಂಟುವ ಬಿಳಿ ಜಿಡ್ಡು ಅದೇ. ಅದು ಚರ್ಮದ ಮೇಲೂ ಕೂರುತ್ತದೆ. ಮುಖ ಬಿಗಿಯುತ್ತದೆ, ಬಿಳಿಚುತ್ತದೆ, ನಾವು ‘ನಂದು ಒಣ ಚರ್ಮ’ ಎಂದುಕೊಂಡು ದಪ್ಪ ಎಣ್ಣೆ ಹಚ್ಚುತ್ತೇವೆ. ಅಂಥ ಮನೆಯವರು ಮೊದಲು ಎರಡು ವಾರ ಬಾರ್ ಸೋಪು ಬಿಟ್ಟು ಫೇಸ್‌ವಾಶ್ ಬಳಸಿ, ಕೊನೆಯ ಒಂದು ಚೊಂಬು ಫಿಲ್ಟರ್ ನೀರಿನಿಂದ ಮುಖ ತೊಳೆದು ನೋಡಲಿ. ಬಿಗಿತ ಹೋದರೆ ದೋಷ ನೀರು ಮತ್ತು ಸೋಪಿನದು.

ಎರಡನೇ ಹೆಜ್ಜೆ: ಬಾಟಲಿಯ ಹಿಂಬದಿ ಓದುವುದು

ಎಣ್ಣೆಯ ಗುಣ ಇರುವುದು ಅದರ ಕೊಬ್ಬಿನ ಆಮ್ಲಗಳಲ್ಲಿ. ಮೂರು ಹೆಸರು ನೆನಪಿದ್ದರೆ ಸಾಕು. ಲಾರಿಕ್ ಆಮ್ಲ ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚು. ಓಲೆಯಿಕ್ ಆಮ್ಲ ಶೇಂಗಾ, ಆಲಿವ್ ಎಣ್ಣೆಗಳಲ್ಲಿ ಹೆಚ್ಚು. ಲಿನೊಲೆಯಿಕ್ ಆಮ್ಲ ಕುಸುಬಿ, ಸೂರ್ಯಕಾಂತಿಯಲ್ಲಿ ಹೆಚ್ಚು. ಈ ಕೊನೆಯದನ್ನು ನಮ್ಮ ದೇಹ ತಾನೇ ತಯಾರಿಸಲಾರದು. ಚರ್ಮದ ಹೊರಗೋಡೆ ಗಟ್ಟಿಯಾಗಿರಲು ಅದು ಬೇಕು. ಮೊಡವೆ ಇರುವವರ ಚರ್ಮದ ಜಿಡ್ಡಿನಲ್ಲಿ ಲಿನೊಲೆಯಿಕ್ ಕಡಿಮೆ ಇರುತ್ತದೆ ಎಂಬುದು ಬಹಳ ಹಿಂದಿನಿಂದ ಗೊತ್ತಿರುವ ಸಂಗತಿ. ಇದಕ್ಕೆ ವಿರುದ್ಧವಾಗಿ ಓಲೆಯಿಕ್ ಹೆಚ್ಚಿರುವ ಎಣ್ಣೆ ಹೊರಗೋಡೆಯನ್ನು ಸಡಿಲಿಸುತ್ತದೆ. 2013ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಕೆಲವು ವಾರ ಆಲಿವ್ ಎಣ್ಣೆ ಹಚ್ಚಿದ ಚರ್ಮದ ತಡೆಗೋಡೆ ದುರ್ಬಲವಾಯಿತು, ಸೂರ್ಯಕಾಂತಿ ಎಣ್ಣೆ ಹಚ್ಚಿದ ಚರ್ಮ ಹಾಗಾಗಲಿಲ್ಲ.

ಅಡುಗೆ ಎಣ್ಣೆಯ ಪ್ಯಾಕೆಟ್ಟಿನ ಹಿಂದೆ ಪೋಷಕಾಂಶಗಳ ಪಟ್ಟಿ ಇರುತ್ತದೆ. ಅದರಲ್ಲಿ ಮುಫಾ ಎಂದಿರುವ ಸಾಲು ಹೆಚ್ಚು ಕಡಿಮೆ ಓಲೆಯಿಕ್, ಪುಫಾ ಎಂದಿರುವ ಸಾಲು ಈ ಎಣ್ಣೆಗಳಲ್ಲಿ ಹೆಚ್ಚು ಕಡಿಮೆ ಲಿನೊಲೆಯಿಕ್. ನೂರು ಗ್ರಾಂ ಎಳ್ಳೆಣ್ಣೆಯಲ್ಲಿ ಎರಡೂ ಸುಮಾರು 40 ಗ್ರಾಂ, ಅಂದರೆ ಸಮತೂಕ. ನಮ್ಮ ಕಪ್ಪು ನೆಲದ ಸಾಂಪ್ರದಾಯಿಕ ಕುಸುಬಿಯ ಎಣ್ಣೆಯಲ್ಲಿ ಪುಫಾ 75ರ ಆಸುಪಾಸು. ಇಲ್ಲೊಂದು ಬಲೆ ಇದೆ. ಈಗ ‘ಹೈ ಓಲೆಯಿಕ್’ ಕುಸುಬಿ ಎಣ್ಣೆಯೂ ಸಿಗುತ್ತದೆ. ಕರಿಯಲು, ಬಹಳ ದಿನ ಇಡಲು ಅದು ಒಳ್ಳೆಯದು. ಆದರೆ ಅದರಲ್ಲಿ ಲೆಕ್ಕ ತಿರುಗುಮುರುಗು: ಮುಫಾ 75ರ ಹತ್ತಿರ. ಮೊಡವೆ ಮುಖಕ್ಕೆಂದು ಕುಸುಬಿ ಕೊಳ್ಳುವವರು ಈ ಒಂದು ಸಾಲನ್ನು ನೋಡದೆ ಕೊಳ್ಳಬಾರದು.

ಜೊಜೊಬಾದ ವಿಷಯವೇ ಬೇರೆ. ಹೆಸರಿಗೆ ಎಣ್ಣೆಯಾದರೂ ಅದು ದ್ರವರೂಪದ ಮೇಣ. ಮನುಷ್ಯರ ಚರ್ಮದ ಜಿಡ್ಡಿನಲ್ಲಿ ಸುಮಾರು ಕಾಲು ಭಾಗ ಇಂಥ ಮೇಣವೇ ಇರುವುದರಿಂದ ಅದು ಮುಖದ ಮೇಲೆ ಭಾರ ಎನಿಸುವುದಿಲ್ಲ. ಬೇಗ ಕೆಡುವುದೂ ಇಲ್ಲ. ಬೆಲೆ ಮಾತ್ರ ಹೆಚ್ಚು, ಹಾಗಾಗಿ ಕಲಬೆರಕೆಯೂ ಹೆಚ್ಚು. ಬಾಟಲಿಯ ಪದಾರ್ಥಗಳ ಪಟ್ಟಿಯಲ್ಲಿ ‘ಸಿಮಂಡ್ಸಿಯಾ ಚೈನೆನ್ಸಿಸ್ ಸೀಡ್ ಆಯಿಲ್’ ಎಂಬ ಒಂದೇ ಹೆಸರು ಇರಬೇಕು. ಪ್ಯಾರಾಫಿನಮ್ ಲಿಕ್ವಿಡಮ್ ಮೊದಲು ಬಂದು ಜೊಜೊಬಾ ಕೊನೆಗೆ ಬಂದಿದ್ದರೆ ನೀವು ಕೊಳ್ಳುತ್ತಿರುವುದು ಮಿನರಲ್ ಆಯಿಲ್. ಮನೆಗೆ ತಂದ ಮೇಲೆ ಒಂದು ಚಮಚ ಫ್ರಿಜ್ಜಿನಲ್ಲಿ ರಾತ್ರಿ ಇಡಿ. ಶುದ್ಧ ಜೊಜೊಬಾ ಸುಮಾರು 10 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗತೊಡಗುತ್ತದೆ, ಹೊರಗಿಟ್ಟರೆ ಮತ್ತೆ ಕರಗುತ್ತದೆ. ಬೆಳಿಗ್ಗೆಯೂ ತೆಳ್ಳಗೆ ಹರಿಯುತ್ತಿದ್ದರೆ ಅನುಮಾನ ಪಡಿ. ಕೊಬ್ಬರಿ ಎಣ್ಣೆಗೂ ಇದೇ ಪರೀಕ್ಷೆ ನಡೆಯುತ್ತದೆ. ಶುದ್ಧವಾದದ್ದು ಪೂರ್ತಿ ಹೆಪ್ಪುಗಟ್ಟುತ್ತದೆ, ಬೇರೆ ಎಣ್ಣೆ ಬೆರೆತಿದ್ದರೆ ದ್ರವದ ಒಂದು ಪದರ ಬೇರೆಯಾಗಿ ಉಳಿಯುತ್ತದೆ.

ಮೂರನೇ ಹೆಜ್ಜೆ: ಜೋಡಿ ಹಾಕುವುದು

ಎಣ್ಣೆ ಚರ್ಮ, ಮೊಡವೆ ಮುಖ: ಜೊಜೊಬಾ ಮೊದಲ ಆಯ್ಕೆ. ಕೈಗೆಟುಕದಿದ್ದರೆ ಲಿನೊಲೆಯಿಕ್ ಕುಸುಬಿ ಎಣ್ಣೆ, ಅದೂ ತಾಜಾ ಇದ್ದರೆ ಮಾತ್ರ. ಇದರಿಂದ ಮೊಡವೆ ವಾಸಿಯಾಗುತ್ತದೆ ಎಂದು ನಾವು ಹೇಳುವುದಿಲ್ಲ. ಮೊಡವೆ ಔಷಧದಿಂದ ಮುಖ ಸಿಪ್ಪೆ ಏಳುವಾಗ ರಂಧ್ರ ಕಟ್ಟದ ಮೆತ್ತನೆಯ ಪದರ ಸಿಗುತ್ತದೆ ಎಂದಷ್ಟೇ. ಕೊಬ್ಬರಿ ಎಣ್ಣೆ ಇಲ್ಲಿ ಬೇಡ. ಅದು ರಂಧ್ರ ಕಟ್ಟುತ್ತದೆ ಎನ್ನುವ ಹಳೆಯ ಅಂಕಪಟ್ಟಿ ಮೊಲದ ಕಿವಿಯ ಮೇಲಿನ ಪರೀಕ್ಷೆಯಿಂದ ಬಂದದ್ದು, ಅದನ್ನೇ ವೇದವಾಕ್ಯ ಮಾಡಬೇಕಿಲ್ಲ. ಆದರೂ ಸುಮಾರು ಶೇ 90 ಗಟ್ಟಿ ಕೊಬ್ಬಿರುವ ಎಣ್ಣೆಯನ್ನು ಈಗಾಗಲೇ ಜಿಡ್ಡು ಕಟ್ಟಿದ ಹಣೆಗೆ ಹಚ್ಚುವುದರಲ್ಲಿ ಲಾಭವಿಲ್ಲ.

ಮಿಶ್ರ ಚರ್ಮಕ್ಕೆ ಒಂದೇ ಎಣ್ಣೆ ಹುಡುಕುವ ಅಗತ್ಯವಿಲ್ಲ. ಕೆನ್ನೆಗೆ ಜೊಜೊಬಾ ಅಥವಾ ಎಳ್ಳೆಣ್ಣೆ, ಹಣೆ ಮೂಗಿಗೆ ಏನೂ ಇಲ್ಲ.

ಒಣ ಚರ್ಮದ ವಿಷಯದಲ್ಲಿ ಮುಖ ಮತ್ತು ಮೈಯನ್ನು ಬೇರೆ ಮಾಡಿ ನೋಡಬೇಕು. ಮುಖಕ್ಕೆ ಎಳ್ಳೆಣ್ಣೆ ಚೆನ್ನಾಗಿ ಹೊಂದುತ್ತದೆ. ಹುರಿಯದ ಎಳ್ಳಿನಿಂದ ತೆಗೆದದ್ದೇ ಬೇಕು. ಹುರಿದ ಎಳ್ಳಿನ ಕಂದು ಎಣ್ಣೆ ಅಡುಗೆಯದು, ಅದರ ವಾಸನೆ ದಿಂಬಿನಿಂದ ಹೋಗುವುದಿಲ್ಲ. ಕಾಲಿನ ನಳಿಗೆ, ಮೊಣಕೈ, ಹಿಮ್ಮಡಿಗೆ ಕೊಬ್ಬರಿ ಎಣ್ಣೆಯಷ್ಟು ಕೆಲಸ ಮಾಡುವುದು ಬೇರೊಂದಿಲ್ಲ. ಅಲ್ಲಿ ಚರ್ಮ ದಪ್ಪ, ಜಿಡ್ಡಿನ ಗ್ರಂಥಿ ಕಡಿಮೆ ಅಥವಾ ಇಲ್ಲವೇ ಇಲ್ಲ, ಆದ್ದರಿಂದ ರಂಧ್ರ ಕಟ್ಟುವ ಚಿಂತೆಯೂ ಕಡಿಮೆ. ಎಸ್ಜಿಮಾ ಇರುವ ಮಕ್ಕಳ ಮೇಲೆ ವರ್ಜಿನ್ ಕೊಬ್ಬರಿ ಎಣ್ಣೆಯನ್ನು ಮಿನರಲ್ ಆಯಿಲ್ ಜೊತೆ ಹೋಲಿಸಿ ನೋಡಿದ, 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೊಬ್ಬರಿ ಎಣ್ಣೆಯೇ ಮೇಲಾಗಿ ಕಂಡಿತು. ಹಿಮ್ಮಡಿ ಒಡೆದಿದ್ದರೆ ಹತ್ತು ನಿಮಿಷ ಉಗುರು ಬೆಚ್ಚಗಿನ ನೀರಿನಲ್ಲಿ ಕಾಲಿಟ್ಟು, ಒರೆಸಿ, ಒಂದು ಕಾಲಿಗೆ ಅರ್ಧ ಚಮಚ ಕೊಬ್ಬರಿ ಎಣ್ಣೆ ತಿಕ್ಕಿ, ಹತ್ತಿಯ ಕಾಲುಚೀಲ ಹಾಕಿ ಮಲಗಿ. ಬಿರುಕಿನಲ್ಲಿ ರಕ್ತ ಕಂಡರೆ, ಅಥವಾ ಸಕ್ಕರೆ ಕಾಯಿಲೆ ಇದ್ದರೆ, ಮನೆಮದ್ದು ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಸೂಕ್ಷ್ಮ ಚರ್ಮಕ್ಕೆ ಪರಿಮಳವಿಲ್ಲದ ಒಂದೇ ಎಣ್ಣೆ, ಬಹುಮಟ್ಟಿಗೆ ಜೊಜೊಬಾ. ಎಳ್ಳು ತಿಂದರೆ ಅಲರ್ಜಿ ಆಗುವವರು ಎಳ್ಳೆಣ್ಣೆಯನ್ನು, ಶೇಂಗಾ ಅಲರ್ಜಿ ಇರುವವರು ಶೇಂಗಾ ಎಣ್ಣೆಯನ್ನು ಚರ್ಮಕ್ಕೂ ಹಚ್ಚಬಾರದು. ಗಾಣದ ಎಣ್ಣೆಯಲ್ಲಿ ಕಾಳಿನ ಪ್ರೋಟೀನಿನ ಅಂಶ ಉಳಿದಿರುತ್ತದೆ. ಸಾಸಿವೆ ಎಣ್ಣೆಯ ಘಾಟು ಇಂಥ ಚರ್ಮವನ್ನು ಕೆರಳಿಸುತ್ತದೆ, ಅದೂ ಬೇಡ.

ಯಾವ ಎಣ್ಣೆಯನ್ನೂ ಹಚ್ಚಬಾರದ ಎರಡು ಸಂದರ್ಭಗಳಿವೆ. ಒಂದು, ಬೇಸಿಗೆಯ ಬೆವರುಸಾಲೆ. ಬೆವರಿನ ನಾಳ ಕಟ್ಟಿಕೊಂಡೇ ಆ ಗುಳ್ಳೆ ಏಳುವುದು, ಅದರ ಮೇಲೆ ಎಣ್ಣೆ ಸವರಿದರೆ ಮುಚ್ಚಳ ಹಾಕಿದಂತೆ. ಇನ್ನೊಂದು, ಕುತ್ತಿಗೆ ಬೆನ್ನಿನ ಮೇಲೆ ಬರುವ ಸಿಬ್ಬು. ಅದಕ್ಕೆ ಕಾರಣವಾದ ಮಲಸೇಜಿಯ ಎಂಬ ಶಿಲೀಂಧ್ರಕ್ಕೆ ಕೊಬ್ಬಿನ ಆಮ್ಲಗಳೇ ಆಹಾರ. ತಲೆಹೊಟ್ಟಿಗೂ ಇದೇ ಶಿಲೀಂಧ್ರದ ನಂಟಿದೆ. ಹೊಟ್ಟು ಹೆಚ್ಚಿದೆ ಎಂದು ರಾತ್ರಿಯಿಡೀ ತಲೆಗೆ ಎಣ್ಣೆ ಸುರಿದುಕೊಂಡರೆ ಪದರುಗಳು ನೆನೆದು ಒಂದು ದಿನ ಕಾಣದಂತಾಗುತ್ತವೆ, ಮೂರನೇ ದಿನ ಹೆಚ್ಚಾಗುತ್ತವೆ.

ನಾಲ್ಕನೇ ಹೆಜ್ಜೆ: ಪರೀಕ್ಷೆ, ಆಮೇಲೆ ಬಳಕೆ

ಮುಂಗೈಯ ಒಳಬದಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆ ಎರಡು ಸಲ, ಏಳು ದಿನ ಒಂದು ಹನಿ ಹಚ್ಚಿ. ಕೆಂಪು, ತುರಿಕೆ, ಗುಳ್ಳೆ ಬಂದರೆ ಆ ಎಣ್ಣೆ ನಿಮ್ಮದಲ್ಲ. ಇದು ಅಲರ್ಜಿ, ಉರಿಯ ಪರೀಕ್ಷೆ ಮಾತ್ರ. ರಂಧ್ರ ಕಟ್ಟುವುದು ಮುಂಗೈಯಲ್ಲಿ ಕಾಣುವುದಿಲ್ಲ, ಏಳು ದಿನದಲ್ಲೂ ಕಾಣುವುದಿಲ್ಲ. ಅದಕ್ಕಾಗಿ ದವಡೆಯ ಒಂದೇ ಬದಿಗೆ ರಾತ್ರಿ ಒಂದು ಹನಿಯಂತೆ ಮೂರರಿಂದ ನಾಲ್ಕು ವಾರ ಹಚ್ಚಿ, ಇನ್ನೊಂದು ಬದಿಯ ಜೊತೆ ಹೋಲಿಸಿ ನೋಡಬೇಕು. ಬೇಸರದ ಕೆಲಸ ನಿಜ. ಆದರೆ ಎರಡೇ ದಿನಕ್ಕೆ ‘ಒಗ್ಗಿತು’ ಎಂದು ಇಡೀ ಮುಖಕ್ಕೆ ಹಚ್ಚಿ, ತಿಂಗಳಾದ ಮೇಲೆ ಎದ್ದ ಗುಳ್ಳೆಗೆ ಕಾರಣ ತಿಳಿಯದೆ ಒದ್ದಾಡುವವರೇ ಹೆಚ್ಚು.

ಅಳತೆ ಹೀಗಿರಲಿ. ಇಡೀ ಮುಖಕ್ಕೆ ಮೂರರಿಂದ ನಾಲ್ಕು ಹನಿ. ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ, ತೇವದ ಮುಖಕ್ಕೆ ತಿಕ್ಕದೆ ಒತ್ತಬೇಕು. ಹತ್ತು ನಿಮಿಷದ ಮೇಲೂ ಬೆರಳಿಗೆ ಜಿಡ್ಡು ಹತ್ತಿದರೆ ಮರುದಿನ ಒಂದು ಹನಿ ಕಡಿಮೆ ಮಾಡಿ. ಸ್ನಾನದ ನಂತರ ದೊಡ್ಡವರ ಇಡೀ ಮೈಗೆ ಎರಡು ಟೀ ಚಮಚ ಸಾಕು. ದೀಪಾವಳಿಯ ಎಣ್ಣೆ ಸ್ನಾನದ ಲೆಕ್ಕ ಬೇರೆ. ಅಲ್ಲಿ ಎಣ್ಣೆ ತೊಳೆದು ಹೋಗುವುದರಿಂದ ಧಾರಾಳವಾಗಿ ಹಚ್ಚಿ, ಅರ್ಧ ಗಂಟೆ ಬಿಟ್ಟು, ಕಡಲೆ ಹಿಟ್ಟು ಹಚ್ಚಿ ತೊಳೆಯಬಹುದು. ಮುಖಕ್ಕೆ ಎಣ್ಣೆ ಹಚ್ಚುವುದು ರಾತ್ರಿಗೆ ಮಾತ್ರ ಇರಲಿ. ಬೆಳಿಗ್ಗೆ ಹಚ್ಚಿದರೆ ಮೇಲೆ ಹಾಕುವ ಸನ್‌ಸ್ಕ್ರೀನ್ ಜಾರಿ ತೆಳುವಾಗುತ್ತದೆ. ಯಾವ ಎಣ್ಣೆಯೂ ನಮ್ಮ ಬಿಸಿಲಿಗೆ ಸನ್‌ಸ್ಕ್ರೀನಿನ ಬದಲಿ ಅಲ್ಲ.

ಸುಗಂಧ ತೈಲ ಬೆರೆಸುವವರು ಮುಖಕ್ಕೆ ಶೇ 1 ದಾಟಬಾರದು, ಅಂದರೆ 10 ಮಿಲಿಲೀಟರ್ ಎಣ್ಣೆಗೆ ಎರಡು ಹನಿ. ತಣ್ಣಗೆ ಹಿಂಡಿ ತೆಗೆದ ನಿಂಬೆ ಸಿಪ್ಪೆಯ ತೈಲ ಬೇಡವೇ ಬೇಡ. ಅದನ್ನು ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಕೆಟ್ಟ ಎಣ್ಣೆಯನ್ನು ಗುರುತಿಸುವುದು

ಲಿನೊಲೆಯಿಕ್ ಹೆಚ್ಚಿದ್ದಷ್ಟೂ ಎಣ್ಣೆ ಬೇಗ ಗಾಳಿಯೊಂದಿಗೆ ಸೇರಿ ಕೆಡುತ್ತದೆ. ಒಳ್ಳೆಯದೆಂದು ಕುಸುಬಿಯನ್ನು ಆರಿಸಿದ ಕಾರಣವೇ ಅದರ ದೌರ್ಬಲ್ಯವೂ ಹೌದು. ಪತ್ರಾಸಿನ ಕೆಳಗೆ, ಕಿಟಕಿಯಲ್ಲಿ, ಒಲೆಯ ಪಕ್ಕದಲ್ಲಿ ಇಟ್ಟ ಬಾಟಲಿ ಬೇಸಿಗೆಯಲ್ಲಿ ಇನ್ನೂ ಬೇಗ ಹೋಗುತ್ತದೆ. ಗಾಣದಿಂದ ಮುಖಕ್ಕೆಂದು ತರುವಾಗ 100 ಮಿಲಿಲೀಟರಿಗಿಂತ ಹೆಚ್ಚು ತರಬೇಡಿ. ಕಂದು ಗಾಜಿನ ಸೀಸೆಗೆ ಕುತ್ತಿಗೆಯವರೆಗೆ ತುಂಬಿಸಿ, ತಾರೀಖು ಬರೆದು, ಫ್ರಿಜ್ಜಿನಲ್ಲಿಟ್ಟು, ಆರು ವಾರದೊಳಗೆ ಮುಗಿಸಿ. ಉಳಿದದ್ದನ್ನು ಮುಖಕ್ಕೆ ಬಳಸಬೇಡಿ. ಎಳ್ಳೆಣ್ಣೆಯಲ್ಲಿ ಅದನ್ನು ಕಾಯುವ ಸೆಸಮಿನ್, ಸೆಸಮೋಲಿನ್‌ನಂಥ ಅಂಶಗಳು ಇರುವುದರಿಂದ ಹೆಚ್ಚು ದಿನ ಬಾಳುತ್ತದೆ. ಕೊಬ್ಬರಿ ಅದಕ್ಕಿಂತ ಹೆಚ್ಚು, ಜೊಜೊಬಾ ಎಲ್ಲಕ್ಕಿಂತ ಹೆಚ್ಚು.

ಮೂಗೇ ಒಳ್ಳೆಯ ಸಾಧನ. ಕೆಟ್ಟ ಕುಸುಬಿ ಎಣ್ಣೆ ಹಳೆಯ ಪೇಂಟಿನ ಡಬ್ಬಿಯಂತೆ ನಾರುತ್ತದೆ, ಬಾಟಲಿಯ ಬಾಯಲ್ಲಿ ಅಂಟಂಟಾದ ಹಳದಿ ಪೊರೆ ಕಟ್ಟುತ್ತದೆ. ಕೊಬ್ಬರಿ ಎಣ್ಣೆ ಕೆಟ್ಟರೆ ಸೋಪಿನ ಕಮಟು ವಾಸನೆ. ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಾಕಿದರೆ ತಾಜಾ ಎಣ್ಣೆ ಸ್ವಲ್ಪ ನಿಧಾನವಾಗಿ ಕೆಡುತ್ತದೆ, ಕೆಟ್ಟದ್ದು ಸರಿಯಾಗುವುದಿಲ್ಲ.

ಒಂದು ಉದಾಹರಣೆ

ಕಲಬುರಗಿಯ ಹಾಸ್ಟೆಲಿನಲ್ಲಿರುವ 20ರ ವಿದ್ಯಾರ್ಥಿನಿ ಎಂದುಕೊಳ್ಳಿ. ತಿಂಗಳು ಫೆಬ್ರವರಿ. ಹಣೆ ಮಿಂಚುತ್ತದೆ, ಕೆನ್ನೆ ಎಳೆಯುತ್ತದೆ. ಕೂದಲಿನ ಅಂಚಿನುದ್ದಕ್ಕೂ ಸಾಲಾಗಿ ಸಣ್ಣ ಗಟ್ಟಿ ಗುಳ್ಳೆಗಳು. ಬೋರ್‌ವೆಲ್ ನೀರು, ದಿನಕ್ಕೆ ನಾಲ್ಕು ಸಲ ಸೋಪು, ವಾರಕ್ಕೆ ಮೂರು ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ.

ಗುಳ್ಳೆಗಳು ಇರುವ ಜಾಗವೇ ಸುಳಿವು ಕೊಡುತ್ತದೆ. ಕೂದಲಿನ ಅಂಚಿಗೆ ಮಾತ್ರ ಇದ್ದರೆ ತಲೆಯ ಎಣ್ಣೆ ಹಣೆಗೆ, ದಿಂಬಿಗೆ ಇಳಿದು ರಂಧ್ರ ಕಟ್ಟಿದೆ ಎಂದು ಮೊದಲು ಊಹಿಸಬೇಕು. ಆದ್ದರಿಂದ ಮೊದಲ ಎರಡು ವಾರ ಅವಳು ಮುಖಕ್ಕೆ ಯಾವ ಹೊಸ ಎಣ್ಣೆಯನ್ನೂ ಹಚ್ಚುವುದಿಲ್ಲ. ಸೋಪು ಬಿಟ್ಟು ದಿನಕ್ಕೆ ಎರಡು ಸಲ ಫೇಸ್‌ವಾಶ್. ತಲೆಗೆ ಎಣ್ಣೆಯನ್ನು ಸ್ನಾನಕ್ಕೆ ಒಂದು ಗಂಟೆ ಮೊದಲು, ಕೂದಲಿನ ಉದ್ದಕ್ಕೆ ಮಾತ್ರ, ಅಂಚಿನಿಂದ ಎರಡು ಬೆರಳು ಬಿಟ್ಟು. ದಿಂಬಿನ ಕವರ್ ವಾರಕ್ಕೆ ಎರಡು ಸಲ ಒಗೆಯುವುದು. ಇದೇ ಹೊತ್ತಿಗೆ ಮುಂಗೈಯಲ್ಲಿ ಜೊಜೊಬಾ ಪರೀಕ್ಷೆ ನಡೆದಿರುತ್ತದೆ.

ಎರಡು ವಾರದ ಕೊನೆಗೆ ಕೆನ್ನೆಯ ಎಳೆತ ಅರ್ಧ ಇಳಿದಿದ್ದರೆ ಅದು ಸೋಪು ಬಿಟ್ಟ ಫಲ. ಮೂರನೇ ವಾರದಿಂದ ರಾತ್ರಿ ಬಲ ದವಡೆಗೆ ಮಾತ್ರ ಒಂದು ಹನಿ ಜೊಜೊಬಾ. ಆರನೇ ವಾರದ ಕೊನೆಗೆ ಎರಡೂ ಬದಿ ಒಂದೇ ರೀತಿ ಇದ್ದರೆ, ಎರಡೂ ಕೆನ್ನೆಗೆ ಸೇರಿ ಎರಡು ಹನಿ. ಹಣೆಗೆ ಬೇಡ. ಆ ಹೊತ್ತಿಗೆ ಏಪ್ರಿಲ್ ಹತ್ತಿರ ಬಂದಿರುತ್ತದೆ. ಟಿಶ್ಯೂ ಪರೀಕ್ಷೆ ಮತ್ತೆ ಮಾಡಿ, ಕೆನ್ನೆಯಲ್ಲೂ ಕಲೆ ಬಿದ್ದರೆ ಬೇಸಿಗೆ ಮುಗಿಯುವವರೆಗೆ ಎಣ್ಣೆಯನ್ನು ಪೂರ್ತಿ ಬಿಡಬೇಕು, ದೀಪಾವಳಿಯ ನಂತರ ಮತ್ತೆ ತೆಗೆಯಬೇಕು. ಕಾಲಿನ ನಳಿಗೆಗೆ ಮಾತ್ರ ಸ್ನಾನದ ಮೇಲೆ ಅರ್ಧ ಚಮಚ ಕೊಬ್ಬರಿ ಎಣ್ಣೆ ಮೊದಲಿನಿಂದಲೂ ನಡೆಯುತ್ತದೆ.

ಕೂದಲಿನ ಅಂಚಿನ ಗುಳ್ಳೆ ಆರು ವಾರದಲ್ಲಿ ಕಡಿಮೆಯಾಗತೊಡಗಬೇಕು. ಹಾಗಾಗದೆ, ಗುಳ್ಳೆಗಳೆಲ್ಲ ಒಂದೇ ಗಾತ್ರದವಾಗಿ, ಬೆವರಿದಾಗ ತುರಿಸುತ್ತಿದ್ದರೆ ಅದು ಮಾಮೂಲಿ ಮೊಡವೆ ಆಗಿರಲಾರದು, ಮೇಲೆ ಹೇಳಿದ ಶಿಲೀಂಧ್ರದ ಸೋಂಕು ಇರಬಹುದು. ಆಗ ಜೊಜೊಬಾ ಸೇರಿದಂತೆ ಎಲ್ಲ ಎಣ್ಣೆಯನ್ನೂ ನಿಲ್ಲಿಸಿ ಚರ್ಮರೋಗ ತಜ್ಞರ ಬಳಿ ಹೋಗಬೇಕು, ಯಾವ ಎಣ್ಣೆಯನ್ನು ಎಷ್ಟು ದಿನ ಹಚ್ಚಿದ್ದು ಎಂದು ಬರೆದುಕೊಂಡೇ ಹೋಗಬೇಕು.